ದರ ಕಾಯ್ದಿರಿಸಿದ್ದರೂ ಮಾರ್ಚ್ 31ಕ್ಕೆ ತೋರಿದ ವಿನಿಮಯ ನಷ್ಟ: ನನ್ನ ಅನುಭವ

ಫೆಬ್ರವರಿ 1ರಂದು 10,000 ಡಾಲರಿನ ಕಚ್ಚಾ ಸಾಮಗ್ರಿಯನ್ನು ಸಾಲವಾಗಿ ಆಮದು ಮಾಡಿಕೊಂಡು, ಏಪ್ರಿಲ್ 30ರಂದು ಮೊದಲೇ ನಿಗದಿಯಾದ ದರಕ್ಕೆ ಡಾಲರ್ ಕೊಳ್ಳುವ ಫಾರ್ವರ್ಡ್ ಒಪ್ಪಂದವನ್ನು ಅಂದೇ ಬ್ಯಾಂಕಿನೊಂದಿಗೆ ಮಾಡಿಕೊಂಡಿದ್ದೆವು. ಅಂದಿನ ಸ್ಪಾಟ್ ದರ ₹83.00, ಫಾರ್ವರ್ಡ್ ದರ ₹83.60. ಮಾರ್ಚ್ 31ರ ದರ ₹83.70 ಆದಾಗ ಲಾಭ-ನಷ್ಟ ಖಾತೆ ₹7,000 ವಿನಿಮಯ ನಷ್ಟ ತೋರಿಸಿತು.

ಖರೀದಿಯನ್ನೇ ₹83.60ರಲ್ಲಿ ಬರೆದು ನೋಡಿದೆ. ಆಗ ಸ್ಪಾಟ್ ಮತ್ತು ಫಾರ್ವರ್ಡ್ ದರಗಳ ವ್ಯತ್ಯಾಸವಾದ ಪ್ರೀಮಿಯಂ ದಾಸ್ತಾನಿನ ಬೆಲೆಯೊಳಗೆ ಸೇರಿಹೋಯಿತು. ಒಪ್ಪಂದದ ಲಾಭವನ್ನು ಏಪ್ರಿಲ್‌ಗೆ ಬಿಟ್ಟರೆ ನಷ್ಟ ಒಂದು ವರ್ಷಕ್ಕೂ ಲಾಭ ಮತ್ತೊಂದಕ್ಕೂ ಬೀಳುತ್ತಿತ್ತು.

ವಿದೇಶಿ ವಿನಿಮಯ ಕುರಿತ ಲೆಕ್ಕಪತ್ರ ಮಾನದಂಡವಾದ ಎಎಸ್ 11ರಂತೆ ಪ್ರೀಮಿಯಂ ಅನ್ನು ಪ್ರತ್ಯೇಕಿಸಿದಾಗ ಲೆಕ್ಕ ಸರಿಹೋಯಿತು. ಆರಂಭದಲ್ಲಿ ಖರೀದಿ ಡೆಬಿಟ್, ಸರಬರಾಜುದಾರ ಕ್ರೆಡಿಟ್ ₹8,30,000. ಒಪ್ಪಂದಕ್ಕೆ, ಬರಬೇಕಾದ ಡಾಲರ್ ಖಾತೆ ₹8,30,000 ಮತ್ತು ಮುಂದೂಡಿದ ಪ್ರೀಮಿಯಂ ₹6,000 ಡೆಬಿಟ್ ಮಾಡಿ, ಬ್ಯಾಂಕಿಗೆ ಕೊಡಬೇಕಾದ ಖಾತೆಗೆ ₹8,36,000 ಕ್ರೆಡಿಟ್.

ವರ್ಷಾಂತ್ಯದಲ್ಲಿ ವಿನಿಮಯ ನಷ್ಟ ಡೆಬಿಟ್, ಸರಬರಾಜುದಾರ ಕ್ರೆಡಿಟ್ ₹7,000. ಅದೇ ದಿನ ಡಾಲರ್ ಖಾತೆ ಡೆಬಿಟ್, ವಿನಿಮಯ ಲಾಭ ಕ್ರೆಡಿಟ್ ₹7,000. ನಾನು ಬಿಟ್ಟಿದ್ದು ಈ ಎರಡನೆಯ ನಮೂದನ್ನೇ. ಬಳಿಕ ಮೂರು ತಿಂಗಳಲ್ಲಿ ಕಳೆದ ಎರಡರ ಪಾಲು ₹4,000 ಪ್ರೀಮಿಯಂ ಅನ್ನು ವೆಚ್ಚಕ್ಕೆ ಒಯ್ಯಬೇಕು.

ಏಪ್ರಿಲ್ 30ರ ದರ ₹84.20. ಮತ್ತೆ ಎರಡೂ ಕಡೆ ₹5,000 ಏರಿಸಿ, ಉಳಿದ ₹2,000 ಪ್ರೀಮಿಯಂ ವೆಚ್ಚಕ್ಕೆ ಹಾಕಿ, ಬ್ಯಾಂಕಿಗೆ ₹8,36,000 ಪಾವತಿಸಿ, ₹8,42,000ಕ್ಕೆ ಸರಬರಾಜುದಾರ ಡೆಬಿಟ್, ಡಾಲರ್ ಖಾತೆ ಕ್ರೆಡಿಟ್ ಮಾಡಿದಾಗ ಎಲ್ಲ ಖಾತೆಗಳೂ ಸೊನ್ನೆಯಾದವು. ಇಂಡ್ ಎಎಸ್ ಎಂಬ ಪ್ರತ್ಯೇಕ ಮಾನದಂಡಗಳು ಅನ್ವಯಿಸುವ ಕಂಪನಿಗಳು ಒಪ್ಪಂದವನ್ನು ನ್ಯಾಯೋಚಿತ ಮೌಲ್ಯದಲ್ಲಿ ಅಳೆಯಬೇಕಾದ್ದರಿಂದ ಅವುಗಳಿಗೆ ಈ ಕ್ರಮ ಸಲ್ಲದು.