ಮೊದಲು ಬಿಸಿಲಿನ ದಾರಿ ನೋಡಿ, ಆಮೇಲೆ ಮೊಳೆ ಹೊಡೆಯಿರಿ

ತೀರ್ಥಹಳ್ಳಿ ಕಡೆಯ ಒಂದು ಹಳೆಯ ಮನೆಯನ್ನು ಅದರ ಯಜಮಾನರು ಪುಟ್ಟ ವಸ್ತುಸಂಗ್ರಹಾಲಯ ಮಾಡಿದ್ದರು. ಪಡಸಾಲೆಯ ದೊಡ್ಡ ಗೋಡೆಗೆ ಬಟ್ಟೆಯ ಮೇಲೆ ಬರೆದ ಹಸೆ ಚಿತ್ತಾರವನ್ನು ಕಟ್ಟು ಹಾಕಿಸಿ ತೂಗುಹಾಕಿದ್ದರು. ಎರಡು ವರ್ಷದ ನಂತರ ನಾನು ಹೋದಾಗ ಕೆಮ್ಮಣ್ಣಿನ ಕೆಂಪು ಹಾಗೆಯೇ ಇತ್ತು, ಅಕ್ಕಿ ಹಿಟ್ಟಿನ ಬಿಳಿಯೂ ಇತ್ತು. ಗುರಿಗೆ ಎಂಬ ಗಿಡದ ಕಾಯಿಯ ಹಳದಿ ಮಾತ್ರ ಇರಲಿಲ್ಲ. "ಬರೆದವರೇ ಹಳದಿ ಕಡಿಮೆ ಹಾಕಿರಬೇಕು" ಎಂದರು ಯಜಮಾನರು. ಕಟ್ಟನ್ನು ಇಳಿಸಿ ಹಿಂದಿನ ಹಲಗೆ ಬಿಚ್ಚಿದೆವು. ಚೌಕಟ್ಟಿನ ಅಂಚು ಮುಚ್ಚಿದ್ದ ಅರ್ಧ ಇಂಚಿನಲ್ಲಿ ಹಳದಿ ಹೊಸದರಂತೆ ಹೊಳೆಯುತ್ತಿತ್ತು. ಮಣ್ಣಿನ ಬಣ್ಣ ಬಿಸಿಲಿಗೆ ಜಗ್ಗುವುದಿಲ್ಲ, ಗಿಡದ ಬಣ್ಣ ತಡೆಯುವುದಿಲ್ಲ. ನಿಮ್ಮಲ್ಲಿ ಬಣ್ಣ ಮಾಸಿದೆಯೇ ಎಂದು ತಿಳಿಯಲು ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ: ಅಂಚು ಬಿಚ್ಚಿ, ಮುಚ್ಚಿದ್ದ ಭಾಗವನ್ನೂ ತೆರೆದಿದ್ದ ಭಾಗವನ್ನೂ ಪಕ್ಕಪಕ್ಕ ನೋಡಿ.

ಹಳೆಮನೆಯಲ್ಲಿ ಇಂಥ ಸಂಗ್ರಹ ಮಾಡುವವರೆಲ್ಲ ಮೊದಲು ಮಾಡುವುದು ಮೊಳೆ ಹೊಡೆಯುವ ಕೆಲಸ, ಕೊನೆಗೆ ಕೊಳ್ಳುವುದು ಪರದೆ. ಕ್ರಮ ತಿರುಗಬೇಕು.

ಮೊದಲು ಸೀಮೆಸುಣ್ಣ

ಖಾಲಿ ಕೋಣೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಗಂಟೆಗೊಮ್ಮೆ ಓಡಾಡಿ, ಬಿಸಿಲಿನ ಚೌಕ ಎಲ್ಲಿ ಬಿದ್ದಿದೆಯೋ ಅದರ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು ಸಮಯ ಬರೆಯಿರಿ. ಒಂದು ದಿನ ಬರೆದರೆ ಸಾಲದು. ಶಿವಮೊಗ್ಗದ ಆಸುಪಾಸಿನಲ್ಲಿ ಡಿಸೆಂಬರ್ ಕೊನೆಗೆ ಸೂರ್ಯ ನೇರ ಪಶ್ಚಿಮಕ್ಕಿಂತ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಮುಳುಗುತ್ತಾನೆ, ಜೂನ್ ಕೊನೆಗೆ ಅಷ್ಟೇ ಉತ್ತರಕ್ಕೆ. ಒಂದೇ ಕಿಟಕಿಯ ಬಿಸಿಲು ವರ್ಷದಲ್ಲಿ ಗೋಡೆಯ ಈ ತುದಿಯಿಂದ ಆ ತುದಿಗೆ ನಡೆದುಹೋಗುತ್ತದೆ. ಡಿಸೆಂಬರ್‌ನಲ್ಲಿ ಒಮ್ಮೆ, ಮಾರ್ಚ್‌ನಲ್ಲಿ ಒಮ್ಮೆ, ಮೇ ತಿಂಗಳ ಮಳೆಗೆ ಮುಂಚೆ ಒಮ್ಮೆ ಗುರುತು ಹಾಕಿದರೆ ಬಹುಪಾಲು ಗೊತ್ತಾಗುತ್ತದೆ. ಜೂನ್‌ಗೆ ಕಾದರೆ ಮೋಡವೇ ಸಿಗುವುದು.

ಉತ್ತರದ ಕಿಟಕಿ ಸುರಕ್ಷಿತ ಎಂಬ ಮಾತನ್ನು ನಂಬಬೇಡಿ. ಅದು ಯುರೋಪಿನವರಿಗೆ ಸರಿ. ನಮ್ಮಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯನೂ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಮೇ ತಿಂಗಳ ಬೆಳಿಗ್ಗೆ ಮತ್ತು ಸಂಜೆ ಉತ್ತರದ ಕಿಟಕಿಗೆ ಓರೆ ಬಿಸಿಲು ಬಡಿಯುತ್ತದೆ. ಒಂದೂವರೆ ಅಡಿ ದಪ್ಪದ ಹಳೆಯ ಗೋಡೆಯಾದರೆ ಬಹುಪಾಲು ಅಲ್ಲಿಯೇ ತಡೆಯುತ್ತದೆ. ಈಚೆಗೆ ಕಟ್ಟಿದ ತೆಳು ಗೋಡೆಯ ಕೋಣೆಯಾದರೆ ಒಳಕ್ಕೆ ನುಗ್ಗುತ್ತದೆ.

ತಲೆಯನ್ನೂ ಎತ್ತಿ ನೋಡಿ. ಹಂಚಿನ ನಡುವೆ ಬೆಳಕಿಗೆಂದು ಕೂರಿಸಿದ ಗಾಜಿನ ಹಂಚು ಎಲ್ಲ ಕಿಟಕಿಗಳಿಗಿಂತ ಅಪಾಯಕಾರಿ, ಏಕೆಂದರೆ ಅದಕ್ಕೆ ಸೂರಿನ ನೆರಳೂ ಇಲ್ಲ, ಅದನ್ನು ಮುಚ್ಚುವ ಬಾಗಿಲೂ ಇಲ್ಲ. ತೆಗೆದು ಮಣ್ಣಿನ ಹಂಚು ಹಾಕಿಸಿ. ಇದಕ್ಕೆ ಬೇರೆ ಉಪಾಯ ಹುಡುಕಬೇಡಿ.

ಈ ಗೆರೆಗಳ ಬೆಲೆ ಎಷ್ಟೆಂದು ಲೆಕ್ಕ ಹಾಕೋಣ. ವಸ್ತುವಿನ ಮೇಲೆ ಬೀಳುವ ಬೆಳಕನ್ನು ಲಕ್ಸ್‌ನಲ್ಲಿ ಅಳೆಯುತ್ತಾರೆ. ಬಟ್ಟೆ, ಕಾಗದ, ಗಿಡದ ಬಣ್ಣ ಇಂಥವಕ್ಕೆ ಸಂಗ್ರಹಾಲಯಗಳು ಒಪ್ಪಿಕೊಂಡ ಮಿತಿ 50 ಲಕ್ಸ್. ವರ್ಷಕ್ಕೆ 3,000 ಗಂಟೆ ತೆರೆದಿಟ್ಟರೆ ಒಟ್ಟು ಒಂದೂವರೆ ಲಕ್ಷ ಲಕ್ಸ್-ಗಂಟೆ. ಆ ಪಡಸಾಲೆಯಲ್ಲಿ ಪಶ್ಚಿಮದ ಬಿಸಿಲು ಚಿತ್ತಾರದ ಮೇಲೆ ದಿನಕ್ಕೆ ನಲವತ್ತು ನಿಮಿಷ ನಿಲ್ಲುತ್ತಿತ್ತು. ಮೀಟರ್ ಹಿಡಿದರೆ ಸುಮಾರು 30,000 ಲಕ್ಸ್. ಅಂದರೆ ದಿನಕ್ಕೆ 20,000 ಲಕ್ಸ್-ಗಂಟೆ. ಇಡೀ ವರ್ಷದ ಪಾಲು ಎಂಟು ದಿನ ತುಂಬುವುದರೊಳಗೆ ಮುಗಿದಿತ್ತು! ಬೆಳಕಿನ ಪೆಟ್ಟು ಒಂದರ ಮೇಲೊಂದು ಕೂಡುತ್ತಲೇ ಹೋಗುತ್ತದೆ. ರಾತ್ರಿ ಕತ್ತಲಲ್ಲಿಟ್ಟರೆ ಹೋದ ಬಣ್ಣ ವಾಪಸು ಬರುವುದಿಲ್ಲ.

ಕೋಣೆಗಳ ಸಾಲು

ಅವರ ಮನೆಯಲ್ಲಿ ವಸ್ತುಗಳು ಗೌರವದ ಪ್ರಕಾರ ನಿಂತಿದ್ದವು. ಪೂರ್ವಿಕರ ಕಡತ ಮತ್ತು ಓಲೆಗರಿ ಜಗಲಿಯಲ್ಲಿ, ಬಂದವರಿಗೆ ಮೊದಲು ಕಾಣಲಿ ಎಂದು. ವೀರಗಲ್ಲಿನ ತುಂಡು ಒಳಕೋಣೆಯ ಕತ್ತಲಲ್ಲಿ, ದೀಪ ಹಾಕಿಸಿಕೊಂಡು. ನಾನು ಹೇಳಿದ್ದು ಇಷ್ಟೇ: ಎರಡನ್ನೂ ಅದಲುಬದಲು ಮಾಡಿ. ಕಲ್ಲಿಗೆ ಬಿಸಿಲಿನ ಭಯವಿಲ್ಲ.

ಮಲೆನಾಡಿನ ಮನೆ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಜಗಲಿಯಿಂದ ಪಡಸಾಲೆ, ಅಲ್ಲಿಂದ ನಡುಮನೆ, ಆಮೇಲೆ ಒಳಕೋಣೆ ಎಂದು ಬೆಳಕು ತಾನಾಗಿಯೇ ಇಳಿಯುತ್ತ ಹೋಗುತ್ತದೆ. ಹಾಗಾಗಿ ಜಗಲಿಯಲ್ಲಿ ಕಲ್ಲು, ಒರಳು, ಮಣ್ಣಿನ ಪಾತ್ರೆ. ಪಡಸಾಲೆಯಲ್ಲಿ ತಾಮ್ರ, ಹಿತ್ತಾಳೆ, ಕಬ್ಬಿಣ. ನಡುಮನೆಯಲ್ಲಿ ಬಣ್ಣ ಬಳಿಯದ ಮರದ ಸಾಮಾನು. ಇದಕ್ಕೆ 200 ಲಕ್ಸ್‌ವರೆಗೆ ನಡೆಯುತ್ತದೆ, ನನ್ನನ್ನು ಕೇಳಿದರೆ 100 ಸಾಕು. ಬಟ್ಟೆ, ಚಿತ್ತಾರ, ಯಕ್ಷಗಾನದ ವೇಷ, ಕಡತ, ಹಳೆಯ ಫೋಟೋ ಎಲ್ಲ ಒಳಕೋಣೆಗೆ.

ಈ ಸಾಲಿನಿಂದ ಇನ್ನೊಂದು ಲಾಭ ಕಣ್ಣಿಗೆ. ಅಂಗಳದ ಬಿಸಿಲಿನಿಂದ ನೇರವಾಗಿ 50 ಲಕ್ಸ್‌ನ ಕೋಣೆಗೆ ಬಂದವರಿಗೆ ಏನೂ ಕಾಣುವುದಿಲ್ಲ, "ಲೈಟ್ ಹಾಕಿ ಮಾರಾಯರೇ" ಎನ್ನುತ್ತಾರೆ, ನೋಡಿಕೊಳ್ಳುವವನು ಟ್ಯೂಬ್‌ಲೈಟ್ ಹಾಕುತ್ತಾನೆ, ಅಲ್ಲಿಗೆ ಎಲ್ಲವೂ ಹಾಳು. ಮೂರು ಕೋಣೆ ದಾಟುತ್ತ ಹತ್ತು ನಿಮಿಷ ಕಳೆದವರಿಗೆ ಅದೇ ಕೋಣೆ ಸಾಕಷ್ಟು ಬೆಳಗಿದಂತೆ ಕಾಣುತ್ತದೆ. ಆದರೆ ಒಳಕೋಣೆಯಲ್ಲಿ ಒಂದೇ ಒಂದು ತೆರೆದ ಬೆಳಕಿಂಡಿ ಕಣ್ಣಿಗೆ ಬಿದ್ದರೂ ಕಣ್ಣು ಆ ಹೊಳಪಿಗೆ ಹೊಂದಿಕೊಂಡುಬಿಡುತ್ತದೆ, ಉಳಿದದ್ದು ಕಪ್ಪಾಗುತ್ತದೆ. ನೋಡಿ ಮುಗಿಸಿದವರನ್ನು ಹಿತ್ತಿಲ ಬಾಗಿಲಿನಿಂದ ಹೊರಗೆ ಕಳಿಸಿ. ಆ ಬಾಗಿಲಿನ ಎದುರಿಗೆ ಮಾತ್ರ ಏನನ್ನೂ ತೂಗುಹಾಕಬೇಡಿ.

ಬಿಸಿಲು ತಡೆಯುವುದು

ಹೆಚ್ಚು ಜನ ಎಡವುವುದು ಇಲ್ಲಿ. ಒಬ್ಬರು ಕಿಟಕಿಗಳಿಗೆಲ್ಲ ಪ್ಲೈವುಡ್ ಜಡಿದರು. ಬಿಸಿಲು ನಿಂತಿತು, ಗಾಳಿಯೂ ನಿಂತಿತು. ಆಷಾಢ ಕಳೆಯುವುದರೊಳಗೆ ಓಲೆಗರಿಯ ಮೇಲೆ ಬೂಸ್ಟು. ಮಲೆನಾಡಿನಲ್ಲಿ ಬೆಳಕನ್ನು ಮಾತ್ರ ತಡೆದು ಗಾಳಿಯನ್ನು ಬಿಡಬೇಕು.

ತಡೆ ಹೊರಗಿನಿಂದ ಶುರುವಾಗಲಿ. ಮಳೆಗಾಲದಲ್ಲಿ ಗೋಡೆ ನೆನೆಯದಿರಲು ಅಡಿಕೆ ಸೋಗೆಯ ತಟ್ಟಿ ಕಟ್ಟುವುದು ನಮಗೆ ಗೊತ್ತೇ ಇದೆ. ಅದನ್ನೇ, ಅಥವಾ ಬಿದಿರಿನ ತಟ್ಟಿಯನ್ನು, ಪಶ್ಚಿಮದ ಕಿಟಕಿಗೆ ಬೇಸಿಗೆಯಲ್ಲೂ ಕಟ್ಟಿ, ಗೋಡೆಯಿಂದ ಒಂದು ಅಡಿ ದೂರಕ್ಕೆ. ಬಿಸಿಲು ಹೊರಗೇ ನಿಂತರೆ ಶಾಖವೂ ಹೊರಗೇ ಉಳಿಯುತ್ತದೆ. ಒಳಗಿನ ಪರದೆ ಬೆಳಕು ತಡೆದರೂ ತಾನೇ ಕಾದು ಕೋಣೆಯನ್ನು ಬಿಸಿ ಮಾಡುತ್ತದೆ.

ಆಮೇಲೆ ಒಳಗೆ ಮರೆ ಹಲಗೆ. ಕಿಟಕಿಗಿಂತ ಎಲ್ಲ ಕಡೆಗೂ ಆರಾರು ಇಂಚು ದೊಡ್ಡದಾದ ಹಲಗೆಯನ್ನು ಗೋಡೆಯಿಂದ ನಾಲ್ಕು ಇಂಚು ಬಿಟ್ಟು ನಿಲ್ಲಿಸಿ. ಕಿಟಕಿಯ ಕಡೆಗಿರುವ ಮುಖಕ್ಕೆ ಹೊಳಪಿಲ್ಲದ ಕಪ್ಪು ಬಣ್ಣ, ಕೋಣೆಯ ಕಡೆಗೆ ಗೋಡೆಯದೇ ಬಣ್ಣ. ಗಾಳಿ ಹಲಗೆಯನ್ನು ಸುತ್ತಿ ಬರುತ್ತದೆ, ಬೆಳಕು ಬರಲಾರದು. ಸಂಜೆ ನಾಲ್ಕಕ್ಕೆ ದೀಪವೆಲ್ಲ ಆರಿಸಿ ಒಳಗೆ ನಿಂತು ನೋಡಿ. ಹಲಗೆಯ ಅಂಚಿನಲ್ಲಿ ಪ್ರಖರವಾದ ಗೆರೆ ಕಂಡರೆ ಆ ಬದಿಗೆ ಇನ್ನೊಂದು ಪಟ್ಟಿ ಸೇರಿಸಿ. ಮೋಡ ಕವಿದ ಸಂಜೆ ಎಡೆಬಿಡದೆ ಮಳೆ ಬರುವಾಗ ಕಿಟಕಿ ಮುಚ್ಚಿ, ಮಳೆ ಬಿಟ್ಟಾಗ ತೆಗೆಯಿರಿ. ಇದನ್ನು ಮಾಡಲು ಒಬ್ಬರು ಬೇಕು, ಯಂತ್ರ ಬೇಡ.

ಕಾರಿನ ಗಾಜಿಗೆ ಅಂಟಿಸುವ ಅಗ್ಗದ ಕಪ್ಪು ಫಿಲ್ಮ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಕಪ್ಪಗಿದ್ದ ಮಾತ್ರಕ್ಕೆ ಅದು ಅತಿನೇರಳೆ ಕಿರಣವನ್ನು ತಡೆಯುತ್ತದೆ ಎಂದಲ್ಲ. ಅತಿನೇರಳೆ ತಡೆಯುವ ಒಳ್ಳೆಯ ಫಿಲ್ಮ್ ಸಾಮಾನ್ಯವಾಗಿ ನೀರಿನಂತೆ ತಿಳಿಯಾಗಿಯೇ ಇರುತ್ತದೆ. ಅದನ್ನು ಹಾಕಿಸಿ, ಆದರೆ ಹಾಕಿಸಿದ ಮೇಲೆ ಪರದೆ ತೆಗೆಯಬೇಡಿ. ಬಣ್ಣ ಮಾಸುವುದಕ್ಕೆ ಕಣ್ಣಿಗೆ ಕಾಣುವ ಬೆಳಕೂ ಕಾರಣ, ಅದನ್ನು ಫಿಲ್ಮ್ ತಡೆಯುವುದಿಲ್ಲ. ಕೆಲವು ವರ್ಷಗಳಲ್ಲಿ ಫಿಲ್ಮಿನ ಶಕ್ತಿಯೂ ಕುಂದುತ್ತದೆ, ನೋಡಲು ಮಾತ್ರ ಹಾಗೆಯೇ ಇರುತ್ತದೆ.

ಗೋಡೆಯ ದೀಪ

ಬಣ್ಣವನ್ನು ನಿಜವಾಗಿ ತೋರಿಸುವ, ಸಿಆರ್‌ಐ 90ಕ್ಕಿಂತ ಹೆಚ್ಚಿರುವ, 3,000 ಕೆಲ್ವಿನ್‌ನ, ಅಂದರೆ ತುಸು ಹಳದಿ ಬೆಳಕಿನ ಸಣ್ಣ ಎಲ್‌ಇಡಿ ಸ್ಪಾಟ್ ತನ್ನಿ. ಹಾಲುಬಿಳುಪಿನ ಬಲ್ಬ್ ಬೇಡ, ಚಿತ್ತಾರದ ಕೆಂಪು ಅದರಲ್ಲಿ ಸತ್ತಂತೆ ಕಾಣುತ್ತದೆ.

ದೀಪದ ಜಾಗ ಹೀಗೆ ಹುಡುಕಿ: ಬೆಳಕು ಲಂಬರೇಖೆಗೆ 30 ಡಿಗ್ರಿ ಓರೆಯಾಗಿ ಚಿತ್ರದ ನಡುವಿಗೆ ಬೀಳಬೇಕು. ಚಿತ್ರದ ನಡುವಿನಿಂದ ದೀಪ ಎಷ್ಟು ಅಡಿ ಮೇಲಿದೆಯೋ, ಪ್ರತಿ ಅಡಿಗೆ ಏಳು ಇಂಚಿನಂತೆ ಗೋಡೆಯಿಂದ ದೂರ. ದೀಪ ಹತ್ತು ಅಡಿ ಎತ್ತರದ ತೊಲೆಯಲ್ಲಿದ್ದು, ಚಿತ್ರದ ನಡು ಐದು ಅಡಿಯಲ್ಲಿದ್ದರೆ ಮೂವತ್ತೈದು ಇಂಚು, ಅಂದರೆ ಮೂರು ಅಡಿಗೆ ಒಂದಿಂಚು ಕಡಿಮೆ. ಇದಕ್ಕಿಂತ ಹತ್ತಿರ ಬಂದರೆ ಚೌಕಟ್ಟಿನ ನೆರಳು ಚಿತ್ರದ ಮೇಲೆ ಬೀಳುತ್ತದೆ, ಬಟ್ಟೆಯ ಸುಕ್ಕೆಲ್ಲ ಎದ್ದು ಕಾಣುತ್ತದೆ. ದೂರ ಹೋದರೆ ನೋಡುವವರ ನೆರಳೇ ಚಿತ್ರದ ಮೇಲೆ. ಗಾಜು ಹಾಕಿದ ಚಿತ್ರವಾದರೆ ದೀಪದ ಬಿಂಬವೂ ಕಾಣುತ್ತದೆ. ತೊಲೆಗೆ ಮೊಳೆ ಹೊಡೆಯುವ ಮೊದಲು ಒಬ್ಬರನ್ನು ಏಣಿಯ ಮೇಲೆ ದೀಪ ಹಿಡಿದು ನಿಲ್ಲಿಸಿ, ನೀವು ಮುಂದೆ ನಡೆದಾಡಿ ನೋಡಿ.

ಈಗ ಮೀಟರ್. ಮೊಬೈಲ್‌ನ ಆ್ಯಪ್ ಒಂದು ಫೋನಿನಲ್ಲಿ ಒಂದು ಹೇಳಿದರೆ ಇನ್ನೊಂದರಲ್ಲಿ ಮತ್ತೊಂದು ಹೇಳುತ್ತದೆ. ಕೈಯಲ್ಲಿ ಹಿಡಿಯುವ ಸಾಧಾರಣ ಲಕ್ಸ್ ಮೀಟರ್ ಕೊಳ್ಳಿ. ಅದರ ಕಣ್ಣನ್ನು ಚಿತ್ರಕ್ಕೆ ಬೆನ್ನು ಕೊಟ್ಟು, ದೀಪದ ಬೆಳಕು ಬೀಳುವಂತೆ ಹಿಡಿಯಿರಿ, ನಡುವೆ ಒಮ್ಮೆ, ನಾಲ್ಕು ಮೂಲೆಗಳಲ್ಲಿ ಒಮ್ಮೆ. ಎಲ್ಲಕ್ಕಿಂತ ಬೆಳಗಿದ ಜಾಗವೂ 50 ದಾಟಬಾರದು. ನಾವು ಮೊದಲು ಹಿಡಿದಾಗ ಬಂದದ್ದು 190. ಯಜಮಾನರು ಡಿಮ್ಮರ್ ತಂದರು, ಅದಕ್ಕೆ ಹೊಂದದ ಬಲ್ಬ್ ಮಿಣುಕತೊಡಗಿತು. ಕಡಿಮೆ ವ್ಯಾಟಿನ ಬಲ್ಬ್ ಹಾಕಿ, ಅದರ ಮುಂದೆ ಸೊಳ್ಳೆ ಜಾಲರಿಯ ತುಂಡು ಇಟ್ಟು 48ಕ್ಕೆ ಇಳಿಸಿದೆವು. ಪೆಟ್ಟಿಗೆಯ ಒಳಗೆ ದೀಪ ಹಾಕುವುದಂತೂ ಬೇಡವೇ ಬೇಡ, ಮುಚ್ಚಿದ ಗಾಜಿನಲ್ಲಿ ಅಷ್ಟು ಶಾಖವೂ ಕೂಡುತ್ತದೆ.

ಕಡತದ ಪೆಟ್ಟಿಗೆಗೆ ದಪ್ಪ ಕಪ್ಪು ಬಟ್ಟೆ ಹೊದಿಸಿಬಿಡಿ. ನೋಡುವವರು ಎತ್ತಿ ನೋಡಿ ಇಳಿಸಲಿ. ಕರೆಂಟು ಹೋದಾಗ ಹಲಗೆ ಸರಿಸುವ ಚಟ ಎಲ್ಲರಿಗೂ ಇದೆ, ಆದ್ದರಿಂದ ಒಳಕೋಣೆಯ ದೀಪಗಳನ್ನಾದರೂ ಇನ್ವರ್ಟರ್‌ಗೆ ಸೇರಿಸಿ.

ಕೊನೆಗೆ ಒಂದು ಕಾವಲುಗಾರನನ್ನು ನೇಮಿಸಿ. ಅರಿಸಿನದ ಕಲೆ ಬಿಸಿಲಿಗೆ ಹಾಕಿದರೆ ಹೋಗುತ್ತದೆಂದು ಬಟ್ಟೆ ಒಗೆದವರಿಗೆಲ್ಲ ಗೊತ್ತು. ಬಿಳಿ ಬಟ್ಟೆಯನ್ನು ಅರಿಸಿನದಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ, ಅರ್ಧಕ್ಕೆ ಅಲ್ಯುಮಿನಿಯಂ ಹಾಳೆ ಸುತ್ತಿ ಪ್ರತಿ ಕೋಣೆಯಲ್ಲೂ ಚಿತ್ರದ ಪಕ್ಕದಲ್ಲೇ ಒಂದೊಂದು ತೂಗುಹಾಕಿ. ತಿಂಗಳಿಗೊಮ್ಮೆ ಹಾಳೆ ಸರಿಸಿ ನೋಡಿ. ಒಳಕೋಣೆಯ ಬಟ್ಟೆ ಪಡಸಾಲೆಯದಕ್ಕಿಂತ ಬೇಗ ಮಾಸಿದರೆ ಎಲ್ಲೋ ಬೆಳಕು ನುಗ್ಗುತ್ತಿದೆ ಎಂದು ಅರ್ಥ. ಆ ಮನೆಯಲ್ಲಿ ಎರಡನೇ ತಿಂಗಳೇ ಹೀಗಾಯಿತು. ಹುಡುಕಿದರೆ, ಕೆಲಸದವರು ಮಧ್ಯಾಹ್ನ ಊಟಕ್ಕೆ ಕೂರಲು ಬೆಳಕಿಗೆಂದು ಮರೆ ಹಲಗೆ ಎತ್ತಿಡುತ್ತಿದ್ದರು. ಅವರಿಗೆ ಹಿತ್ತಿಲ ಜಗಲಿಯಲ್ಲಿ ಒಂದು ಮೇಜು ಹಾಕಿಸಿಕೊಟ್ಟ ಮೇಲೆ ಬಟ್ಟೆ ಮಾಸುವುದು ನಿಧಾನವಾಯಿತು.