ಬೀರು ಕಾರ್ಖಾನೆಯಲ್ಲಿ ಕೊನೆಯ ಟ್ಯಾಬ್ಲೋ: ನನ್ನ ಅನುಭವ

ಸಿಂಪ್ಲೆಕ್ಸ್‌ನ ಕೊನೆಯ ಟ್ಯಾಬ್ಲೋವನ್ನು ಸಣ್ಣ ಕಾರ್ಖಾನೆಯ ಮಾಲೀಕರ ಮುಂದಿಟ್ಟರೆ ಪ್ರಯೋಜನವಿಲ್ಲ, ಯಾವುದನ್ನು ಎಷ್ಟು ಮಾಡಬೇಕೆಂದು ಹೇಳಿ ಬಂದರೆ ಸಾಕು ಎಂಬುದು ನನ್ನ ಜೊತೆಯವರ ಅಭಿಪ್ರಾಯವಾಗಿತ್ತು. ಅದಕ್ಕೆ ಕಾರಣವೂ ಇತ್ತು: ಎಕ್ಸೆಲ್ ಸಾಲ್ವರ್‌ನ ಸೆನ್ಸಿಟಿವಿಟಿ ವರದಿಯನ್ನು ಮುದ್ರಿಸಿ ಕೊಟ್ಟ ಕಡೆಗಳಲ್ಲಿ ಅದನ್ನು ಯಾರೂ ಎರಡನೆಯ ಸಲ ನೋಡಿರಲಿಲ್ಲ, ನನ್ನ ಶುಲ್ಕವೂ ಅರ್ಧಕ್ಕೇ ನಿಂತಿತ್ತು. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಉಕ್ಕಿನ ಪೀಠೋಪಕರಣ ಘಟಕದಲ್ಲಿ ಮಾತ್ರ ಟ್ಯಾಬ್ಲೋವನ್ನೇ ಮುಂದಿಟ್ಟದ್ದು ಚೆನ್ನಾಗಿಯೇ ಫಲಿಸಿತು.

ಅಲ್ಲಿ ಮೇಜು (x1), ಬೀರು (x2), ರ‍್ಯಾಕ್ (x3) ತಯಾರಾಗುತ್ತವೆ. ಕಚ್ಚಾ ಮಾಲಿನ ಖರ್ಚು ಕಳೆದರೆ ಒಂದೊಂದಕ್ಕೆ ಸುಮಾರು 600, 1000, 720 ರೂಪಾಯಿ ಉಳಿಯುತ್ತದೆ. ವಾರಕ್ಕೆ ವೆಲ್ಡಿಂಗ್ 80 ಗಂಟೆ, ಪೇಂಟಿಂಗ್ 120 ಗಂಟೆ, ಓವನ್‌ನಲ್ಲಿ 70 ನಗಗಳಿಗೆ ಜಾಗ. ಮೇಜಿಗೆ ವೆಲ್ಡಿಂಗ್ 1, ಪೇಂಟಿಂಗ್ 2 ಗಂಟೆ. ಬೀರುವಿಗೆ ಎರಡೂ ಎರಡೆರಡು. ರ‍್ಯಾಕಿಗೆ ವೆಲ್ಡಿಂಗ್ 2, ಪೇಂಟಿಂಗ್ 1. ಅಂಕಿಗಳು ನೆನಪಿನವು, ದುಂಡಗೆ ಮಾಡಿದವು. ಮಾಲೀಕರ ಬಾಯಿಂದ ನಿಜವಾದ ಗಂಟೆಗಳನ್ನು ಹೇಗೆ ಹೊರಡಿಸಿದೆನೆಂಬುದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಹೊಟ್ಟೆಪಾಡು ಅದರಲ್ಲೇ ಇದೆ.

```
      x1   x2    x3    s1    s2   s3     RHS
x1     1    0    -1    -1     1    0      40
x2     0    1   1.5     1  -0.5    0      20
s3     0    0   0.5     0  -0.5    1      10
Z      0    0   180   400   100    0   44000
```

ಮಾಲೀಕರ ಮೊದಲ ತಕರಾರು ರ‍್ಯಾಕಿನದೇ. "ರ‍್ಯಾಕಲ್ಲಿ ಏಳ್ನೂರಿಪ್ಪತ್ತು ಉಳಿಯುತ್ತೆ, ಮೇಜಲ್ಲಿ ಬರೀ ಆರ್ನೂರು. ಹಂಗಿದ್ಮೇಲೆ ರ‍್ಯಾಕೇ ಬೇಡ ಅಂತೀರಲ್ಲ ಸಾರ್?" ಎಂದರು. x3 ಕೆಳಗಿನ 180 ರೆಡ್ಯೂಸ್ಡ್ ಕಾಸ್ಟ್ ಎಂದು ನಾನು ಹೇಳಲಿಲ್ಲ. ಆ ಕಾಲಂ ಅನ್ನು ಚಿಹ್ನೆ ತಿರುಗಿಸಿಕೊಂಡು ಮೇಲಿನಿಂದ ಕೆಳಕ್ಕೆ ಓದಿದೆ. ಒಂದು ರ‍್ಯಾಕ್ ಮಾಡಿದರೆ ಮೇಜು ಒಂದು ಹೆಚ್ಚುತ್ತದೆ, ಬೀರು ಒಂದೂವರೆ ಕಡಿಮೆಯಾಗುತ್ತದೆ. 720 ಮತ್ತು 600 ಬಂತು, 1500 ಹೋಯಿತು. ಕೈಯಿಂದ 180 ಬಿತ್ತು. ಅವರು ತಾವೇ ಕ್ಯಾಲ್ಕುಲೇಟರ್ ಒತ್ತಿ ನೋಡಿದರು. ರ‍್ಯಾಕಿನಲ್ಲಿ 900 ಉಳಿಯುವಂತಾದರೆ ಮಾತ್ರ ಅದಕ್ಕೆ ಕೈಹಾಕಬಹುದೆಂದು ಅವರೇ ಹೇಳಿದಾಗ ನನ್ನ ಕೆಲಸ ಅರ್ಧ ಮುಗಿದಿತ್ತು. ಇದೇ ಸಂಖ್ಯೆ ಎಕ್ಸೆಲ್ ವರದಿಯಲ್ಲಿ -180 ಎಂದು ಬರುತ್ತದೆ. ಎರಡನ್ನೂ ಒಟ್ಟಿಗೆ ತೋರಿಸಿದರೆ ನಂಬಿಕೆ ಹೋಗುತ್ತದೆ.

ಇನ್ನು ಓವನ್. ಸುಮಾರು ಒಂದೂವರೆ ಲಕ್ಷ ಕೊಟ್ಟು ದೊಡ್ಡದನ್ನು ತರಿಸುವ ಮಾತು ನಡೆದಿತ್ತು. s3 ಕೆಳಗೆ ಸೊನ್ನೆ, RHS ನಲ್ಲಿ 10: ಇರುವ ಓವನ್‌ನಲ್ಲೇ ಹತ್ತು ನಗಗಳ ಜಾಗ ಖಾಲಿ ಉಳಿಯುತ್ತಿದೆ. ಖರೀದಿ ಅಲ್ಲಿಗೆ ನಿಂತಿತು.

ಓಟಿಯ ವಿಷಯಕ್ಕೆ ನಾನು ಹೆಚ್ಚು ಹೊತ್ತು ಕೊಟ್ಟೆ. s1 ಕೆಳಗಿನ 400 ಎಂದರೆ ವೆಲ್ಡಿಂಗ್ ಒಂದು ಗಂಟೆ ಹೆಚ್ಚಾದರೆ ಬೀರು ಒಂದು ಹೆಚ್ಚಿ, ಮೇಜು ಒಂದು ಇಳಿದು ಸಿಗುವ ಲಾಭ. ಪೇಂಟಿಂಗ್‌ಗೆ ಅದು 100. ಇಲ್ಲಿ ಸಂಬಳ ತಿಂಗಳ ಲೆಕ್ಕದ್ದು, ಉಳಿಕೆಯಲ್ಲಿ ಅದನ್ನು ಕಳೆದಿಲ್ಲ. ಆದ್ದರಿಂದ ಈ ಷಾಡೋ ಪ್ರೈಸ್‌ಗಳೇ ಗಂಟೆಯೊಂದಕ್ಕೆ ಕೊಡಬಹುದಾದ ಪೂರ್ತಿ ಗರಿಷ್ಠ ದರ. ಗಂಟೆಯ ಕೂಲಿಯನ್ನು ಮೊದಲೇ ಕಳೆದಿದ್ದರೆ ಅದೇ 400 ಆ ಕೂಲಿಯ ಮೇಲೆ ಕೊಡಬಹುದಾದ ಹೆಚ್ಚುವರಿಯಾಗುತ್ತಿತ್ತು; ಇದನ್ನು ಕೇಳದೆ ಯಾರೂ ಅಂಕಿ ಹೇಳಬಾರದು. ವೆಲ್ಡರ್ ಗಂಟೆಗೆ 150 ಕೇಳಿದ್ದರು, ಪೇಂಟರ್ 120. ಹೆಚ್ಚು ಕೇಳಿದವರಿಗೆ ಓಟಿ ಸಿಕ್ಕಿತು, ಕಡಿಮೆ ಕೇಳಿದವರಿಗೆ ಇಲ್ಲ. ಹತ್ತು ಗಂಟೆ ವೆಲ್ಡಿಂಗ್ ಹೆಚ್ಚಿಸಿದ ವಾರ 30 ಮೇಜು, 30 ಬೀರು ಹೊರಬಿದ್ದು, ಕೂಲಿ ಕಳೆದು ಎರಡೂವರೆ ಸಾವಿರದಷ್ಟು ಹೆಚ್ಚು ಉಳಿಯಿತು.

ಈ ದರಗಳಿಗೆ ಮಿತಿಯುಂಟು, ಅದೂ ಅದೇ ಕಾಲಂಗಳಲ್ಲಿ ಇದೆ. ವೆಲ್ಡಿಂಗ್ 40 ಗಂಟೆ ಹೆಚ್ಚಾದರೆ ಮೇಜು ಸೊನ್ನೆಗೆ ಇಳಿಯುತ್ತದೆ, 400 ಅಲ್ಲಿಗೆ ಮುಗಿಯಿತು. ಪೇಂಟಿಂಗ್ 20 ಗಂಟೆ ಹೆಚ್ಚಾದರೆ ಓವನ್ ತುಂಬುತ್ತದೆ. ಬೇಡವೆಂದ ಆ ಓವನ್‌ಗೆ ಬೆಲೆ ಬರುವುದು ಆಗಲೇ.

ಒಂದು ವಾರ 25 ಬೀರು ಕೊಡಲೇಬೇಕಾದ ಆರ್ಡರ್ ಬಂದಾಗ ಕುತೂಹಲಕ್ಕೆ x2 ≥ 25 ಎಂದು ಸೇರಿಸಿ ಮತ್ತೆ ಬಿಡಿಸಿದೆ. ಲಾಭ 43,000ಕ್ಕೆ ಇಳಿಯಿತು. ಸರ್‌ಪ್ಲಸ್ ಕಾಲಂನ ಕೆಳಗೆ 200 ಎಂದಿತ್ತು; ≥ ನಿರ್ಬಂಧಕ್ಕೆ ಅದನ್ನು -200 ಎಂದೇ ಓದಬೇಕು, ಅಂದರೆ ಇಪ್ಪತ್ತರ ಮೇಲಿನ ಪ್ರತಿ ಬೀರುವೂ 200 ರೂಪಾಯಿ ನಷ್ಟ. ಪೇಂಟಿಂಗ್ ಬೆಲೆ 100ರಿಂದ ಸೊನ್ನೆಗೆ ಬಿದ್ದಿತ್ತು, ವೆಲ್ಡಿಂಗ್ 600ಕ್ಕೆ ಏರಿತ್ತು. ಸಾವಿರದ ಈ ಕೊರತೆಯನ್ನು 25 ಬೀರುಗಳಿಗೆ ಹಂಚಿದರೆ ತಲಾ 40 ಹೆಚ್ಚು ಕೇಳಿದರೆ ಸಾಕಿತ್ತು. ಮಾಲೀಕರು 50 ಕೇಳಿದರು, ಗಿರಾಕಿ ಒಪ್ಪಿದರು.