ಬೆರಳು ಮಡಚದವರಿಗೆ ಗೇಮ್ ಕಂಟ್ರೋಲರ್: ಮೊದಲು ಅಳತೆ, ಆಮೇಲೆ ಖರೀದಿ

ಬೈಕ್ ಅಪಘಾತದಲ್ಲಿ ನನ್ನ ಚಿಕ್ಕಪ್ಪನ ಮಗನ ಕುತ್ತಿಗೆಯ ಬೆನ್ನುಹುರಿಗೆ ಪೆಟ್ಟಾಯಿತು. ಅವನ ಭುಜ ಆಡುತ್ತದೆ, ಮೊಣಕೈ ಮಡಚುತ್ತದೆ, ಮಣಿಕಟ್ಟು ಮೇಲೆ ಏಳುತ್ತದೆ. ಬೆರಳುಗಳು ಮಾತ್ರ ಮುಚ್ಚುವುದಿಲ್ಲ. ಮನೆಗೆ ಬಂದ ಕೆಲವು ತಿಂಗಳಲ್ಲಿ ಅವನು ಕೇಳಿದ ಮೊದಲ ಸಾಮಾನು ಕಾರು ಓಡಿಸುವ ಗೇಮ್‌ಗೆ ತಕ್ಕ ಕಂಟ್ರೋಲರ್. ಆತುರದಲ್ಲಿ ನಾನು ದೊಡ್ಡ ಗುಂಡಿಗಳಿದ್ದ ಒಂದು ಆಟದ ಪ್ಯಾಡ್ ತರಿಸಿಕೊಟ್ಟೆ. ಗುಂಡಿಗಳು ಎದುರಿಗಿದ್ದವು, ಅವುಗಳನ್ನು ಮುಂದಕ್ಕೆ ತಳ್ಳಬೇಕಿತ್ತು. "ಅಕ್ಕಾ, ಕೈ ಮುಂದಕ್ಕೆ ಹೋಗುತ್ತದೆ, ಒತ್ತಲು ಬಲ ಇಲ್ಲ" ಎಂದ. ಮೊಣಕೈ ನೇರ ಮಾಡುವ ಸ್ನಾಯು ಅವನಲ್ಲಿ ದುರ್ಬಲವಾಗಿದೆ ಎಂಬುದನ್ನು ನಾನು ವಿಚಾರಿಸಿಯೇ ಇರಲಿಲ್ಲ. ಆದ್ದರಿಂದ ಈ ಕೆಲಸವನ್ನು ಅಂಗಡಿಯಿಂದಲ್ಲ, ಕುರ್ಚಿಯಿಂದ ಆರಂಭಿಸಬೇಕು.

ಮೊದಲ ಹೆಜ್ಜೆ, ಚಲನೆಗಳ ಪಟ್ಟಿ. ಆಡುವವರು ದಿನವೂ ಕೂರುವ ಭಂಗಿಯಲ್ಲೇ ಕೂರಲಿ. ಯಾವ ಅಂಗ, ಯಾವ ದಿಕ್ಕಿಗೆ, ಎಷ್ಟು ಸಲ ದಣಿಯದೆ ಆಡುತ್ತದೆ ಎಂದು ಬರೆದುಕೊಳ್ಳಿ. ನಮ್ಮ ಪಟ್ಟಿಯಲ್ಲಿ ನಾಲ್ಕು ಸಿಕ್ಕವು: ಬಲಗೈಯನ್ನು ಭುಜದಿಂದ ಎಡಬಲಕ್ಕೆ ಸರಿಸುವುದು, ಎಡ ಮಣಿಕಟ್ಟನ್ನು ಮೇಲೆತ್ತುವುದು, ಎಡ ಮೊಣಕೈಯ ಭಾರವನ್ನು ಕೆಳಗೆ ಬಿಡುವುದು, ತಲೆಯನ್ನು ಪಕ್ಕಕ್ಕೆ ವಾಲಿಸಿ ಕೆನ್ನೆಯಿಂದ ಒತ್ತುವುದು. ಭಾರ ಬಿಡುವುದೂ ಒಂದು ಚಲನೆಯೇ. ಸ್ನಾಯು ತಳ್ಳಲಾರದ ಗುಂಡಿಯನ್ನು ತೋಳಿನ ತೂಕ ಸುಲಭವಾಗಿ ಒತ್ತುತ್ತದೆ. ಚಿಕಿತ್ಸೆ ನೀಡುವ ಆಸ್ಪತ್ರೆಯಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ ಇದ್ದರೆ ಈ ಪಟ್ಟಿಯನ್ನು ಅವರೊಂದಿಗೆ ಮಾಡುವುದು ಒಳ್ಳೆಯದು. ಚರ್ಮದಲ್ಲಿ ಸ್ಪರ್ಶಜ್ಞಾನ ಇಲ್ಲದ ಜಾಗದಲ್ಲಿ ಗುಂಡಿ ಒತ್ತಿ ಗಾಯವಾಗುವ ಅಪಾಯವನ್ನು ಅವರು ಮೊದಲೇ ಹೇಳುತ್ತಾರೆ.

ಎರಡನೆಯದು, ಗೇಮ್ ಏನೇನು ಕೇಳುತ್ತದೆ ಎಂಬ ಲೆಕ್ಕ. ಫೋರ್ಜಾ ಹೊರೈಜನ್ 5 ಆಡುವಾಗ ಸ್ಟಿಯರಿಂಗ್, ಆಕ್ಸಿಲರೇಟರ್, ಬ್ರೇಕ್, ಹ್ಯಾಂಡ್‌ಬ್ರೇಕ್, ತಪ್ಪಾದಾಗ ಹಿಂದಕ್ಕೆ ಹೋಗುವ ರಿವೈಂಡ್ ಇವು ಪದೇ ಪದೇ ಬೇಕು. ಗೇರ್ ಅನ್ನು ಆಟೊಮ್ಯಾಟಿಕ್‌ಗೆ ಬಿಟ್ಟರೆ ಎರಡು ಗುಂಡಿಗಳು ಬೇಕಾಗುವುದಿಲ್ಲ. ಬ್ರೇಕ್‌ಗೂ ಗೇಮ್‌ನ ಒಳಗೇ ನೆರವಿನ ಸೆಟ್ಟಿಂಗ್ ಇದೆ. ಹಾರ್ಡ್‌ವೇರ್‌ಗೆ ಹಣ ಹಾಕುವ ಮುನ್ನ ಸೆಟ್ಟಿಂಗ್‌ಗಳಿಂದ ಎಷ್ಟು ಗುಂಡಿ ಕಡಿಮೆಯಾಗುತ್ತದೆ ನೋಡಿ.

ಇನ್ನು ಮೂರನೆಯದು. ಇದನ್ನೇ ಜನ ಬಿಟ್ಟುಬಿಡುತ್ತಾರೆ: ಹಳೆಯ ಮೌಸ್‌ನಿಂದ ಸ್ವಿಚ್ ಪರೀಕ್ಷೆ. ಕಂಟ್ರೋಲರ್‌ಗೆ ಹೊರಗಿನಿಂದ ಜೋಡಿಸುವ ವಿಶೇಷ ಸ್ವಿಚ್‌ಗಳು ಸಾಮಾನ್ಯವಾಗಿ 3.5 ಮಿ.ಮೀ. ಮೋನೊ ಪಿನ್‌ನಿಂದ ಕೆಲಸ ಮಾಡುತ್ತವೆ. ಎರಡು ತಂತಿ ಕೂಡಿದರೆ ಗುಂಡಿ ಒತ್ತಿದಂತೆ, ಅಷ್ಟೇ. ಹಾಗಾಗಿ ಒಂದನ್ನು ಮನೆಯಲ್ಲೇ ಮಾಡಬಹುದು. ಅಂಗೈಯಗಲದ ಎರಡು ರಟ್ಟಿನ ತುಂಡುಗಳಿಗೆ ಅಡುಗೆಮನೆಯ ಅಲ್ಯುಮಿನಿಯಂ ಹಾಳೆ ಅಂಟಿಸಿ, ಪ್ರತಿಯೊಂದಕ್ಕೂ ಒಂದೊಂದು ತಂತಿ ಟೇಪ್ ಮಾಡಿ. ನಡುವೆ ಅಂಚಿನುದ್ದಕ್ಕೂ ತೆಳ್ಳನೆಯ ಫೋಮ್ ಪಟ್ಟಿ ಇಟ್ಟು ಹಾಳೆಗಳು ಎದುರುಬದುರಾಗುವಂತೆ ಮುಚ್ಚಿ. ತಂತಿಗಳ ಇನ್ನೊಂದು ತುದಿಗೆ ಮೋನೊ ಪಿನ್ ಹಾಕಿ.

ಹಳೆಯ ಯುಎಸ್‌ಬಿ ಮೌಸ್ ಅನ್ನು ಕಂಪ್ಯೂಟರ್‌ನಿಂದ ಕಳಚಿ ಬಿಚ್ಚಿ. ಎಡ ಕ್ಲಿಕ್‌ನ ಪುಟ್ಟ ಸ್ವಿಚ್‌ಗೆ ಮೂರು ಕಾಲುಗಳಿರುತ್ತವೆ. ಮಲ್ಟಿಮೀಟರ್ ಬೀಪ್‌ಗೆ ಇಟ್ಟು, ಒತ್ತಿದಾಗ ಮಾತ್ರ ಸದ್ದು ಬರುವ ಎರಡು ಕಾಲುಗಳನ್ನು ಹುಡುಕಿ, ಅವಕ್ಕೆ ಒಂದು 3.5 ಮಿ.ಮೀ. ಮೋನೊ ಸಾಕೆಟ್ ಬೆಸುಗೆ ಹಾಕಿ. ಸ್ಕ್ರೀನ್ ಮೇಲಿನ ಬಾಣ ಅಲುಗದಂತೆ ಮೌಸ್‌ನ ಕೆಳಗಿನ ಸೆನ್ಸರ್‌ಗೆ ಕಪ್ಪು ಟೇಪ್ ಅಂಟಿಸಿ. ಬೇಕಾದ ಬಿಡಿಭಾಗಗಳೆಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಬೀದಿಯಲ್ಲಿ ಸಿಗುತ್ತವೆ. ಕೊಳ್ಳುವಾಗ ಪಿನ್ ನೋಡಿ: ಮೋನೊಗೆ ಒಂದೇ ಕಪ್ಪು ಗೆರೆ, ಹೆಡ್‌ಫೋನ್ ಪಿನ್‌ಗೆ ಎರಡೋ ಮೂರೋ.

ಈಗ ಸ್ವಿಚ್‌ನ ಪಿನ್ ಅನ್ನು ಆ ಸಾಕೆಟ್‌ಗೆ ಹಾಕಿ, ಮೌಸ್ ಅನ್ನು ಮತ್ತೆ ಕಂಪ್ಯೂಟರ್‌ಗೆ ಜೋಡಿಸಿ. ಇನ್ನೊಂದು ಮೌಸ್‌ನಿಂದ ಬಾಣವನ್ನು ಕ್ಯಾಲ್ಕುಲೇಟರ್‌ನ 1 ಎಂಬ ಗುಂಡಿಯ ಮೇಲೆ ನಿಲ್ಲಿಸಿ, ಸ್ವಿಚ್ ಅನ್ನು ಹತ್ತು ಸಲ ಒತ್ತಿಸಿ. ಹತ್ತು ಒಂದುಗಳು ಬಂದರೆ ಸರಿ. ಹೆಚ್ಚು ಬಂದರೆ ಕೈ ನಡುಗಿ ಎರಡೆರಡು ಸಲ ತಾಗುತ್ತಿದೆ ಅಥವಾ ಫೋಮ್ ತೆಳುವಾಯಿತು ಎಂದರ್ಥ. ಕಡಿಮೆ ಬಂದರೆ ಸ್ವಿಚ್ ಬಿಗಿಯಾಗಿದೆ ಅಥವಾ ಜಾಗ ತಪ್ಪಿದೆ. ನಾವು ಎಡಗೈ ಬೆನ್ನಿನ ಮೇಲೆ, ಒಂದು ಬೆರಳಷ್ಟು ಅಂತರದಲ್ಲಿ ಸ್ವಿಚ್ ಅನ್ನು ಮಗುಚಿ ಕಟ್ಟಿದೆವು. ಮಣಿಕಟ್ಟು ಮೇಲೆದ್ದಾಗ ಕೈಬೆನ್ನು ಅದಕ್ಕೆ ತಾಗಬೇಕು. ಮೊದಲ ಸಲ ಆರು ಬಂದವು. ಸ್ವಿಚ್ ಅನ್ನು ಸ್ವಲ್ಪ ಬೆರಳುಗಳ ಕಡೆಗೆ ಸರಿಸಿದ ಮೇಲೆ ಹತ್ತಕ್ಕೆ ಹತ್ತು. ಆ ಜಾಗವನ್ನು ಪೆನ್ನಿನಿಂದ ಗುರುತು ಹಾಕಿಕೊಂಡೆವು.

ಇಷ್ಟಾದ ಮೇಲೆ ಕಂಟ್ರೋಲರ್ ಆಯ್ಕೆ. ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್ 2018ರಲ್ಲಿ ಬಂತು. ಅದರ ಮೇಲೆ ಎರಡು ದೊಡ್ಡ ಗುಂಡಿಗಳಿವೆ, ಹಿಂಬದಿಯಲ್ಲಿ ಸಾಲಾಗಿ 19 ಸಾಕೆಟ್‌ಗಳಿವೆ. ಒಂದೊಂದು ಸಾಕೆಟ್ ಒಂದೊಂದು ಗುಂಡಿಗೆ ಸಮ. ಎರಡೂ ಪಕ್ಕದ ಯುಎಸ್‌ಬಿ ಕಿಂಡಿಗಳು ಎಡ ಮತ್ತು ಬಲ ಜಾಯ್‌ಸ್ಟಿಕ್‌ಗಾಗಿ. ಎಕ್ಸ್‌ಬಾಕ್ಸ್ ಮತ್ತು ವಿಂಡೋಸ್ ಕಂಪ್ಯೂಟರ್‌ಗೆ ಇದು ಹೊಂದುತ್ತದೆ, ಪ್ಲೇಸ್ಟೇಷನ್ 5ಕ್ಕೆ ನೇರವಾಗಿ ಅಲ್ಲ. ಅದಕ್ಕೆ 2023ರಲ್ಲಿ ಬಂದ ಆಕ್ಸೆಸ್ ಕಂಟ್ರೋಲರ್ ಇದೆ. ಅದರಲ್ಲಿ ಹೊರಗಿನ ಸ್ವಿಚ್‌ಗೆ ನಾಲ್ಕೇ ಸಾಕೆಟ್. ಕೈಯನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಒತ್ತಬಲ್ಲವರಿಗೆ ಆಕ್ಸೆಸ್ ಅನುಕೂಲ. ಚಲನೆಗಳು ದೇಹದ ಬೇರೆ ಬೇರೆ ಕಡೆ ಚದುರಿದ್ದರೆ ಅಡಾಪ್ಟಿವ್ ಕಂಟ್ರೋಲರೇ ಸರಿ ಎಂಬುದು ನನ್ನ ಅಭಿಪ್ರಾಯ. ನಮ್ಮದು ಎರಡನೆಯ ಬಗೆ.

ಜೋಡಣೆ ಹೀಗಾಯಿತು. ಯುಎಸ್‌ಬಿ ಜಾಯ್‌ಸ್ಟಿಕ್ ಅನ್ನು ಎಡ ಸ್ಟಿಕ್‌ನ ಕಿಂಡಿಗೆ ಹಾಕಿ, ಬಲಗೈಯನ್ನು ವೆಲ್ಕ್ರೊ ಪಟ್ಟಿಯಿಂದ ಅದರ ಹಿಡಿಗೆ ಸಡಿಲವಾಗಿ ಕಟ್ಟಿದೆವು. ಮಣಿಕಟ್ಟಿನ ಸ್ವಿಚ್ ಆಕ್ಸಿಲರೇಟರ್‌ನ ಆರ್‌ಟಿ ಸಾಕೆಟ್‌ಗೆ, ಮೊಣಕೈಯದು ಬ್ರೇಕ್‌ನ ಎಲ್‌ಟಿಗೆ, ಕೆನ್ನೆಯದು ರಿವೈಂಡ್‌ನ ವೈಗೆ. ಹ್ಯಾಂಡ್‌ಬ್ರೇಕ್ ಬಿಟ್ಟೆವು. ಮೆನುಗಳ ಕೆಲಸಕ್ಕೆ ಇನ್ನೊಂದು ಮಾಮೂಲಿ ಕಂಟ್ರೋಲರ್ ಪಕ್ಕದವರ ಕೈಯಲ್ಲಿತ್ತು. ಎಕ್ಸ್‌ಬಾಕ್ಸ್ ಕನ್ಸೋಲ್‌ನಲ್ಲಿ ಎರಡು ಕಂಟ್ರೋಲರ್‌ಗಳು ಒಂದೇ ಆಟಗಾರನದಾಗಿ ಕೆಲಸ ಮಾಡುವ ಸೌಲಭ್ಯವಿದೆ.

ಎರಡು ತೊಂದರೆಗಳು ಬಂದವು. ಸ್ವಿಚ್‌ಗೆ ಅರ್ಧ ಒತ್ತುವುದು ಗೊತ್ತಿಲ್ಲ. ಆಕ್ಸಿಲರೇಟರ್ ಪೂರ್ತಿ ಅಥವಾ ಸೊನ್ನೆ. ತಿರುವಿನಲ್ಲಿ ಕಾರು ಜಾರಿದಾಗ ಬಿಟ್ಟು ಬಿಟ್ಟು ಒತ್ತುವುದನ್ನು ಅವನೇ ಕಲಿತ. ಇನ್ನೊಂದು, ಐದು ನಿಮಿಷ ಮಣಿಕಟ್ಟು ಎತ್ತಿ ಹಿಡಿದಾಗ ಕೈ ಸೋತುಹೋಗುತ್ತಿತ್ತು. ಕಂಪ್ಯೂಟರ್‌ನಲ್ಲಿ ಸ್ಟೀಮ್ ಎಂಬ ಗೇಮ್ ಆ್ಯಪ್‌ನ ಕಂಟ್ರೋಲರ್ ಸೆಟ್ಟಿಂಗ್ ತೆರೆದು ಆ ಗುಂಡಿಗೆ ಟಾಗಲ್ ಹಾಕಿದೆವು. ಈಗ ಒಮ್ಮೆ ತಾಗಿದರೆ ಆಕ್ಸಿಲರೇಟರ್ ಒತ್ತಿಯೇ ಇರುತ್ತದೆ, ಮತ್ತೊಮ್ಮೆ ತಾಗಿದರೆ ಬಿಡುತ್ತದೆ. ಯಾವುದಾದರೂ ಗುಂಡಿ ತಾನಾಗಿ ಒತ್ತಿಕೊಳ್ಳುತ್ತಿದೆ ಅನ್ನಿಸಿದರೆ ವಿಂಡೋಸ್‌ನ ರನ್ ಕಿಟಕಿಯಲ್ಲಿ joy.cpl ಎಂದು ಬರೆದು, ಕಂಟ್ರೋಲರ್‌ನ ಪ್ರಾಪರ್ಟೀಸ್ ತೆರೆಯಿರಿ. ಕೈ ಮುಟ್ಟದೆಯೂ ಗುಂಡಿಯ ದೀಪ ಮಿನುಗಿದರೆ, ಆರ್‌ಟಿ ಅಥವಾ ಎಲ್‌ಟಿಯದಾದರೆ Z ಆಕ್ಸಿಸ್‌ನ ಪಟ್ಟಿ ಅಲುಗಿದರೆ, ದೋಷ ತಂತಿಯಲ್ಲೋ ಸ್ವಿಚ್‌ನಲ್ಲೋ ಇದೆ, ಗೇಮ್‌ನಲ್ಲಿ ಅಲ್ಲ.

ಖರೀದಿಯ ಮಾತು ಕೊನೆಗೆ. ಹೊರದೇಶದಿಂದ ತರಿಸುವುದಾದರೆ ಆಮದು ಸುಂಕ ಸೇರಿದ ಬೆಲೆಯನ್ನೂ, ಕೆಟ್ಟರೆ ಯಾರು ವಾಪಸ್ ತೆಗೆದುಕೊಳ್ಳುತ್ತಾರೆ ಎಂಬುದನ್ನೂ ಮೊದಲು ಕೇಳಿ. ಸ್ವಿಚ್‌ಗಳಿಗೆ ಅಷ್ಟು ದುಡ್ಡು ಬೇಕಿಲ್ಲ. ಕೆನಡಾದ ಮೇಕರ್ಸ್ ಮೇಕಿಂಗ್ ಚೇಂಜ್ ತನ್ನ ಸ್ವಿಚ್‌ಗಳ ವಿನ್ಯಾಸಗಳನ್ನು ಉಚಿತವಾಗಿ ಹಂಚುತ್ತದೆ; ತ್ರೀಡಿ ಪ್ರಿಂಟರ್ ಇರುವ ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ಕೇಳಿನೋಡಿ. ಸ್ವಿಚ್‌ಗಳನ್ನು ಕುರ್ಚಿಗೆ ಬಿಗಿಯಲು ಕ್ಯಾಮೆರಾ ಅಂಗಡಿಯ ಬಾಗುವ ಕ್ಲ್ಯಾಂಪ್ ಸಾಕು. ನಮ್ಮ ಕೆನ್ನೆಯ ಸ್ವಿಚ್ ಈಗಲೂ ಅಂಥದ್ದೊಂದರ ಮೇಲೆ ನಿಂತಿದೆ, ಮಣಿಕಟ್ಟಿನದು ಅದೇ ಅಲ್ಯುಮಿನಿಯಂ ಹಾಳೆಯದು. ಹಾಳೆ ಹರಿದಾಗ ಹೊಸದು ಅಂಟಿಸುತ್ತೇವೆ.